ಫೋನಿನಲ್ಲಿ ರೆಕಾರ್ಡ್ ಮಾಡಿದ ವಾಯ್ಸ್ ಓವರ್: ವಿಡಿಯೋಗೆ ಸೇರಿಸುವ ಮುಂಚೆ ಮಾಡಬೇಕಾದ ಕೆಲಸ

"ಫೋನಿನಲ್ಲೇ ಕೇಳಿದಾಗ ದನಿ ಚೆನ್ನಾಗಿತ್ತು. ವಿಡಿಯೋ ಮೇಲೆ ಹಾಕಿದ ಕೂಡಲೇ ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳಿಸ್ತಿದೆ, ಏನು ಮಾಡ್ಲಿ?" ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಇದರ ಹಿಂದೆಯೇ ಇನ್ನೆರಡು ದೂರುಗಳೂ ಬರುತ್ತವೆ. ವಾಕ್ಯದ ಕೊನೆಯ ಪದಗಳು ಸಂಗೀತದಲ್ಲಿ ಮುಳುಗಿಹೋಗುತ್ತವೆ. 'ಸ' ಬಂದಾಗಲೆಲ್ಲ ಕಿವಿಗೆ ಚುಚ್ಚುತ್ತದೆ.

ಮೂರಕ್ಕೂ ಬೇರೆ ಬೇರೆ ಮದ್ದು ಇದೆ. ಡಬ್ಬದ ದನಿಗೆ ಈಕ್ಯೂ, ಅಂದರೆ ದನಿಯಲ್ಲಿರುವ ತಗ್ಗು, ನಡು, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ. ಮುಳುಗುವ ಪದಗಳಿಗೆ ಕಂಪ್ರೆಶನ್, ಅಂದರೆ ಜೋರಾದ ಕಡೆ ದನಿಯನ್ನು ಸ್ವಲ್ಪ ತಗ್ಗಿಸಿ ಜೋರು-ಮೆಲ್ಲಗಿನ ಅಂತರ ಕಡಿಮೆ ಮಾಡುವುದು. ಚುಚ್ಚುವ 'ಸ'ಗೆ ಡಿ-ಎಸ್ಸಿಂಗ್, ಅಂದರೆ 'ಸ' ಜೋರಾದ ಕಡೆ ಅದನ್ನಷ್ಟೇ ತಗ್ಗಿಸುವುದು. ಮಾಡುವ ಕ್ರಮವೂ ಇದೇ. ಯಾಕೆ ಇದೇ ಕ್ರಮ ಅನ್ನುವುದು ಐದನೇ ಹಂತಕ್ಕೆ ಬಂದಾಗ ಗೊತ್ತಾಗುತ್ತದೆ.

ಶುರು ಮಾಡುವ ಮುಂಚೆ ಒಂದು ವಿಷಯ ತಿಳಿದಿರಲಿ. ಫೋನು ನಿಮ್ಮ ದನಿಯನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳುವುದಿಲ್ಲ. ತುಂಬಾ ಫೋನುಗಳಲ್ಲಿ ಮೆಲ್ಲಗಿನ ದನಿಯನ್ನು ಏರಿಸಿ ಜೋರಿನದನ್ನು ಇಳಿಸುವ ಕೆಲಸ ರೆಕಾರ್ಡಿಂಗ್ ಹೊತ್ತಿಗೇ ತಾನಾಗಿ ನಡೆಯುತ್ತದೆ. ಹಿನ್ನೆಲೆ ಸದ್ದನ್ನು ಅಳಿಸುವ ಪ್ರಯತ್ನವೂ ಆಗಿರಬಹುದು. ಆಮೇಲೆ ಫೈಲನ್ನು ಚಿಕ್ಕದು ಮಾಡಲು ಒಂದಷ್ಟು ವಿವರ ಬಿಟ್ಟುಬಿಡುತ್ತದೆ. ಹೀಗೆ ಒಮ್ಮೆ ಬೆಂದ ದನಿ ನಿಮ್ಮ ಕೈಗೆ ಬಂದಿರುತ್ತದೆ. ಸ್ಟುಡಿಯೋ ಮೈಕಿನ ದನಿಗೆ ಅಂತ ಹೇಳಿದ ಅಳತೆಗಳನ್ನು ಇದಕ್ಕೆ ಹಾಕಿದರೆ ಕೆಟ್ಟುಹೋಗುವುದು ಅದಕ್ಕೇ. ಕೆಳಗಿನ ಅಂಕಿಗಳೆಲ್ಲ ಸಣ್ಣವು ಅನ್ನಿಸಿದರೆ ಕಾರಣ ಇದೇ.

ಏನು ಬೇಕು?

ಒಂದು ಕಂಪ್ಯೂಟರ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ಒಂದು ಆಡಿಯೋ ಎಡಿಟರ್. ಡಾವಿಂಚಿ ರಿಸಾಲ್ವ್ ಬಳಸುವವರಿಗೆ ಅದರ ಫೇರ್‌ಲೈಟ್ ಪುಟದಲ್ಲೇ ಮೂರೂ ಸಿಗುತ್ತವೆ, ಉಚಿತ ಆವೃತ್ತಿಯಲ್ಲೂ ಇವೆ. ಆಡಾಸಿಟಿಯಲ್ಲಿ ಈಕ್ಯೂ, ಕಂಪ್ರೆಸರ್ ಜೊತೆಗೇ ಬರುತ್ತವೆ. ಡಿ-ಎಸ್ಸರ್ ಮಾತ್ರ ಪ್ಲಗಿನ್ ಆಗಿ ಬೇರೆ ಹಾಕಿಕೊಳ್ಳಬೇಕು, ಇಲ್ಲವೇ ಆ ಕೆಲಸ ಕೈಯಲ್ಲೇ ಮಾಡಬೇಕು. ಅದನ್ನೂ ಹೇಳುತ್ತೇನೆ.

ಉದಾಹರಣೆಗೆ ಒಂದು ರೆಕಾರ್ಡಿಂಗನ್ನು ಕೊನೆವರೆಗೂ ಜೊತೆಗೆ ಇಟ್ಟುಕೊಳ್ಳೋಣ. ಹೆಣ್ಣು ದನಿ, ಮೂರು ನಿಮಿಷದ ನಿರೂಪಣೆ. ಮಲಗುವ ಕೋಣೆಯಲ್ಲಿ, ಬಾಯಿಂದ ಒಂದು ಗೇಣು ದೂರದಲ್ಲಿ ಫೋನ್ ಹಿಡಿದು ಓದಿದ್ದು. ಮೀಟರಿನಲ್ಲಿ ಸೊನ್ನೆ ಅಂದರೆ ಚಾವಣಿ, ಅದರ ಮೇಲೆ ಹೋದರೆ ದನಿ ಒಡೆಯುತ್ತದೆ. ಇಲ್ಲಿ ಅತಿ ಜೋರಾದ ಪದ -8 ಡೆಸಿಬಲ್ ಮುಟ್ಟುತ್ತದೆ. ವಾಕ್ಯದ ಕೊನೆಗಳು -26ರ ತನಕ ಇಳಿಯುತ್ತವೆ.

1. ಫೈಲನ್ನು ಕೆಡಿಸದೆ ಕಂಪ್ಯೂಟರಿಗೆ ತನ್ನಿ

ಹೆಚ್ಚಿನವರು ಎಡವುವುದು ಇಲ್ಲೇ. ರೆಕಾರ್ಡಿಂಗನ್ನು ಮೆಸೇಜಿಂಗ್ ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಕಳಿಸಿಕೊಳ್ಳಬೇಡಿ. ಅದು ದನಿಯನ್ನು ಇನ್ನಷ್ಟು ಹಿಂಡುತ್ತದೆ. ಮೇಲಿನ ಸ್ವರಗಳು ನೀರಿನೊಳಗಿಂದ ಬಂದಂತೆ ಕುಲುಕುತ್ತವೆ, ಮುಂದೆ ಯಾವ ಈಕ್ಯೂ ಹಾಕಿದರೂ ಅವು ವಾಪಸ್ ಬರುವುದಿಲ್ಲ. ಕೇಬಲ್ ಹಾಕಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಮೂಲ ಫೈಲನ್ನೇ ಕಳಿಸಿ.

ಎಡಿಟರಿನಲ್ಲಿ ತೆರೆದ ಮೇಲೆ ಪ್ರಾಜೆಕ್ಟಿನ ಸ್ಯಾಂಪಲ್ ರೇಟನ್ನು, ಅಂದರೆ ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಬರೆಯಬೇಕು ಅನ್ನುವುದನ್ನು, 48 ಕಿಲೋಹರ್ಟ್ಸ್‌ಗೆ ಇಡಿ. ವಿಡಿಯೋದ ಅಳತೆ ಅದು. ವಿಂಡೋಸ್ ಆಡಾಸಿಟಿಯಲ್ಲಿ `.m4a` ಫೈಲ್ ತೆರೆಯದಿದ್ದರೆ `FFmpeg` ಲೈಬ್ರರಿ ಬೇರೆಯಾಗಿ ಹಾಕಿಕೊಳ್ಳಬೇಕು.

ಫೈಲ್ ಸ್ಟೀರಿಯೋ ಆಗಿ ಬಂದಿದೆಯಾ ನೋಡಿ. ಕೆಲವು ಫೋನುಗಳು ಮೇಲೊಂದು ಕೆಳಗೊಂದು ಮೈಕ್ ಬಳಸಿ ಎರಡು ಚಾನೆಲ್ ಬರೆಯುತ್ತವೆ. ಎರಡನ್ನೂ ಕೂಡಿಸಿ ಮೋನೋ ಮಾಡಿದರೆ ದನಿ ಟೊಳ್ಳಾಗಬಹುದು. ಎರಡು ಮೈಕಿಗೂ ದನಿ ತಲುಪುವ ಹೊತ್ತು ಒಂದೇ ಅಲ್ಲ, ಹಾಗಾಗಿ ಕೆಲವು ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಚೆನ್ನಾಗಿ ಕೇಳಿಸುವ ಒಂದು ಚಾನೆಲ್ ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಬಿಡಿ.

2. ಮೊದಲು ಕೈಯಲ್ಲೇ ಸರಿಮಾಡಿ

ಕಂಪ್ರೆಸರ್ ಇದೆ ಅಂತ ಎಲ್ಲ ಕೆಲಸವನ್ನೂ ಅದರ ಮೇಲೆ ಹೇರಬೇಡಿ. ತಡವರಿಕೆ, ಟಪ್ ಅನ್ನುವ ಸದ್ದು ಕತ್ತರಿಸಿ. ಉಸಿರಿನ ಸದ್ದು ಪೂರ್ತಿ ತೆಗೆಯಬೇಡಿ, 6ರಿಂದ 10 ಡೆಸಿಬಲ್ ಇಳಿಸಿದರೆ ಸಾಕು. ಉಸಿರೇ ಇಲ್ಲದ ಮಾತು ವಿಚಿತ್ರವಾಗಿ ಕೇಳಿಸುತ್ತದೆ, ಅಲ್ವಾ?

ಆಮೇಲೆ ತೀರಾ ಇಳಿದ ವಾಕ್ಯದ ಕೊನೆಗಳನ್ನು ಬೇರೆ ತುಂಡು ಮಾಡಿ 4ರಿಂದ 6 ಡೆಸಿಬಲ್ ಏರಿಸಿ. ನಮ್ಮ ಉದಾಹರಣೆಯಲ್ಲಿ -26ರಲ್ಲಿದ್ದ ಕೊನೆಗಳು -20ರ ಸುತ್ತ ಬರುತ್ತವೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದು ಜಾಸ್ತಿ. ಅದು ಮುಳುಗಿದರೆ ಕೇಳುವವರಿಗೆ 'ಮಾಡಿದರು' ಅಂತಲೋ 'ಮಾಡಲಿಲ್ಲ' ಅಂತಲೋ ಗೊತ್ತಾಗುವುದಿಲ್ಲ. ಹಾಗಾಗಿ ಈ ಬೇಸರದ ಕೆಲಸಕ್ಕೆ ಹತ್ತು ನಿಮಿಷ ಕೊಡುವುದು ದಂಡವಲ್ಲ.

ಫ್ಯಾನಿನ ಸದ್ದು ಇದ್ದರೆ ನಾಯ್ಸ್ ರಿಡಕ್ಷನ್ ಈಗಲೇ ಹಾಕಿ, ಅದೂ 6 ಡೆಸಿಬಲ್‌ನಷ್ಟು ಮಾತ್ರ. ಕಂಪ್ರೆಶನ್ ಆದ ಮೇಲೆ ಸದ್ದು ಇನ್ನೂ ಮೇಲೆ ಬಂದಿರುತ್ತದೆ.

3. ಈಕ್ಯೂ: ಮೊದಲು ಕಳೆಯಿರಿ

ಸ್ವರದ ಎತ್ತರವನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಗಂಡು ದನಿಯ ಬುಡ 85ರಿಂದ 155 ಹರ್ಟ್ಸ್, ಹೆಣ್ಣು ದನಿಯ ಬುಡ 165ರಿಂದ 255 ಹರ್ಟ್ಸ್ ಸುತ್ತ ಇರುತ್ತದೆ. ಅದಕ್ಕಿಂತ ಕೆಳಗಿರುವುದೆಲ್ಲ ಕೈ ಅಲುಗಾಟ, ವಾಹನದ ಗುಡುಗು, ಗಾಳಿಯ ಹೊಡೆತ. ಅದನ್ನು ತೆಗೆಯಲು ಹೈಪಾಸ್ ಫಿಲ್ಟರ್ ಹಾಕಿ. ಇದು ಒಂದು ಗಡಿಗಿಂತ ಕೆಳಗಿನ ಸ್ವರಗಳನ್ನು ಕಳೆದು ಮೇಲಿನದನ್ನು ಬಿಡುತ್ತದೆ. ಗಂಡು ದನಿಗೆ 75-80 ಹರ್ಟ್ಸ್, ಹೆಣ್ಣು ದನಿಗೆ 100 ಹರ್ಟ್ಸ್, ಇಳಿಜಾರು ಆಕ್ಟೇವ್‌ಗೆ 12 ಡೆಸಿಬಲ್. ಆಕ್ಟೇವ್ ಅಂದರೆ ಸ್ವರದ ಎತ್ತರ ಎರಡು ಪಟ್ಟಾಗುವ ಅಥವಾ ಅರ್ಧವಾಗುವ ದೂರ.

'ಪ', 'ಭ'ಗಳಲ್ಲಿ ಧಬ್ ಅಂತ ಗಾಳಿ ಹೊಡೆದಿದ್ದರೆ ಇಡೀ ಟ್ರ್ಯಾಕಿನ ಫಿಲ್ಟರನ್ನು ಮೇಲೇರಿಸಬೇಡಿ. ಆ ಒಂದು ಅಕ್ಷರವನ್ನಷ್ಟೇ ಆರಿಸಿ 150-200 ಹರ್ಟ್ಸ್‌ನ ಹೈಪಾಸ್ ಹಾಕಿ. ಉಳಿದ ದನಿ ತೆಳುವಾಗುವುದು ತಪ್ಪುತ್ತದೆ.

ಈಗ ಡಬ್ಬದ ದನಿ. ಇದು ಹೆಚ್ಚಾಗಿ 200ರಿಂದ 500 ಹರ್ಟ್ಸ್ ನಡುವೆ ಕೂತಿರುತ್ತದೆ. ಕಾರಣ ಫೋನಿನ ಮೈಕ್ ಅಲ್ಲ, ಕೋಣೆ. ಫೋನಿನ ಪುಟ್ಟ ಮೈಕ್ ಎಲ್ಲ ದಿಕ್ಕಿನಿಂದಲೂ ಸದ್ದು ಹಿಡಿಯುತ್ತದೆ. ಹಾಗಾಗಿ ಗೋಡೆಯಿಂದ ವಾಪಸ್ ಬಂದ ದನಿಯೂ ಜೊತೆಗೆ ಸೇರಿಕೊಳ್ಳುತ್ತದೆ.

ಅದನ್ನು ಹುಡುಕುವುದು ಹೀಗೆ. ಒಂದು ವಾಕ್ಯವನ್ನು ಮತ್ತೆ ಮತ್ತೆ ಓಡುವ ಹಾಗೆ ಇಡಿ. ಈಕ್ಯೂದಲ್ಲಿ ಒಂದು ಬ್ಯಾಂಡ್, ಅಂದರೆ ಅಕ್ಕಪಕ್ಕದ ಸ್ವರಗಳ ಒಂದು ಪಟ್ಟಿ, ತಗೊಂಡು 6 ಡೆಸಿಬಲ್ ಏರಿಸಿ, ಅದನ್ನು 200ರಿಂದ 500ರ ತನಕ ನಿಧಾನವಾಗಿ ಸರಿಸಿ. ಎಲ್ಲಿ ದನಿ ಗುಂಯ್ ಅನ್ನುತ್ತದೋ ಅಲ್ಲಿ ನಿಂತು, ಏರಿಸಿದ್ದನ್ನು ಸೊನ್ನೆಗಿಂತ ಕೆಳಕ್ಕೆ ಇಳಿಸಿ. ಆದರೆ ಎಚ್ಚರ: ಬ್ಯಾಂಡ್ ತೀರಾ ಕಿರಿದಾಗಿದ್ದರೆ ಎಲ್ಲಿ ಏರಿಸಿದರೂ ಕೆಟ್ಟದಾಗಿಯೇ ಕೇಳಿಸುತ್ತದೆ. ಹಾಗೆ ಹುಡುಕುತ್ತಾ ಹೋಗಿ ಐದಾರು ಕಡೆ ಗುಂಡಿ ತೋಡಿದ ದನಿಗಳನ್ನು ಕೇಳಿದ್ದೇನೆ, ಅವುಗಳಲ್ಲಿ ಜೀವವೇ ಇರುವುದಿಲ್ಲ. ಅಗಲವನ್ನು ತೋರಿಸುವ `Q` ಅನ್ನು 1.4ರ ಸುತ್ತ ಇಡಿ. ಅಂಕಿ ದೊಡ್ಡದಾದಷ್ಟೂ ಬ್ಯಾಂಡ್ ಕಿರಿದು. ನಮ್ಮ ಉದಾಹರಣೆಯಲ್ಲಿ ಗುಂಯ್‌ಗುಡುವುದು 320 ಹರ್ಟ್ಸ್‌ನಲ್ಲಿ. ಅಲ್ಲಿ 3 ಡೆಸಿಬಲ್ ಇಳಿಸಿದರೆ ದನಿ ಬಿಚ್ಚಿಕೊಳ್ಳುತ್ತದೆ. ಅದೇ 7 ಇಳಿಸಿದರೆ ದೂರದ ಟೆಲಿಫೋನ್ ಕರೆಯ ಹಾಗಾಗುತ್ತದೆ.

ಏರಿಸುವುದು ಒಂದೇ ಕಡೆ, ಅದೂ ಬೇಕಿದ್ದರೆ ಮಾತ್ರ. ವ್ಯಂಜನಗಳ ಸ್ಪಷ್ಟತೆ 2ರಿಂದ 4 ಕಿಲೋಹರ್ಟ್ಸ್ ಸುತ್ತ ಇರುತ್ತದೆ. 3 ಕಿಲೋಹರ್ಟ್ಸ್‌ನಲ್ಲಿ ಅಗಲವಾಗಿ 1.5-2 ಡೆಸಿಬಲ್ ಏರಿಸಿ ನೋಡಿ. ಮಾತು ಚೆನ್ನಾಗಿ ಕೇಳಲಿ ಅಂತ ಫೋನೇ ಈ ಜಾಗವನ್ನು ಏರಿಸಿರುವ ಸಾಧ್ಯತೆ ಇದೆ. ಗಡಸು ಅನ್ನಿಸಿದರೆ ಏರಿಸುವುದನ್ನೇ ಬಿಡಿ. 10 ಕಿಲೋಹರ್ಟ್ಸ್ ಮೇಲೆ ಏರಿಸಿ ದನಿಗೆ ಹೊಳಪು ತರುವ ಆಸೆಯನ್ನೂ ಬಿಡಿ. ಅಲ್ಲಿ ನಿಮ್ಮ ದನಿಗಿಂತ ಫೋನು ಹಿಂಡಿದ ಗುರುತುಗಳೇ ಜಾಸ್ತಿ ಇರುತ್ತವೆ.

ಈಕ್ಯೂ ಹಾಕಿ-ತೆಗೆದು ಹೋಲಿಸುವಾಗ ಎರಡೂ ಒಂದೇ ಜೋರಿನಲ್ಲಿ ಕೇಳಿಸುವಂತೆ ಮಾಡಿಕೊಳ್ಳಿ. ಇಲ್ಲದಿದ್ದರೆ ಯಾವುದು ಜೋರೋ ಅದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ. ಕಂಪ್ರೆಸರಿಗೂ ಇದೇ ಮಾತು.

4. ಕಂಪ್ರೆಶನ್: 3-4 ಡೆಸಿಬಲ್ ಸಾಕು

ನಾಲ್ಕು ಗುಂಡಿಗಳಿವೆ. ಥ್ರೆಶೋಲ್ಡ್ ಅಂದರೆ ಯಾವ ಮಟ್ಟ ದಾಟಿದ ಮೇಲೆ ತಗ್ಗಿಸಬೇಕು ಅನ್ನುವ ಗೆರೆ. ರೇಶಿಯೋ ಅಂದರೆ ಎಷ್ಟು ತಗ್ಗಿಸಬೇಕು. ಅಟ್ಯಾಕ್ ಅಂದರೆ ಗೆರೆ ದಾಟಿದ ಮೇಲೆ ಎಷ್ಟು ಬೇಗ ಹಿಡಿಯಬೇಕು, ರಿಲೀಸ್ ಅಂದರೆ ಎಷ್ಟು ಬೇಗ ಬಿಡಬೇಕು.

ಲೆಕ್ಕ ಹಾಕಿ ನೋಡೋಣ. ಈಕ್ಯೂ ಆದ ಮೇಲೂ ನಮ್ಮ ದನಿಯ ಜೋರಾದ ಪದ -8ರಲ್ಲೇ ಇದೆ ಅಂದುಕೊಳ್ಳಿ. ರೇಶಿಯೋ 2.5:1. ಥ್ರೆಶೋಲ್ಡನ್ನು -20ಕ್ಕೆ ಇಟ್ಟರೆ ಆ ಪದ ಗೆರೆಗಿಂತ 12 ಡೆಸಿಬಲ್ ಮೇಲಿದೆ. 12ನ್ನು 2.5ರಿಂದ ಭಾಗಿಸಿದರೆ 4.8. ಅಂದರೆ ಅದು -15.2ಕ್ಕೆ ಇಳಿಯುತ್ತದೆ, 7ಕ್ಕೂ ಹೆಚ್ಚು ಡೆಸಿಬಲ್ ತಗ್ಗಿತು. ಫೋನಿನ ದನಿಗೆ ಇದು ಅತಿಯಾಯಿತು. ಥ್ರೆಶೋಲ್ಡನ್ನು -14ಕ್ಕೆ ಇಟ್ಟರೆ ಪದ ಗೆರೆಗಿಂತ 6 ಮೇಲಿರುತ್ತದೆ. ಭಾಗಿಸಿದರೆ 2.4, ಪದ -11.6ಕ್ಕೆ ಬರುತ್ತದೆ. ತಗ್ಗಿದ್ದು 3.6. ನಮಗೆ ಬೇಕಾದದ್ದು ಇಷ್ಟೇ. ನಿಮ್ಮ ಫೈಲಿನ ಮಟ್ಟ ಬೇರೆ ಇರುತ್ತದೆ, ಹಾಗಾಗಿ -14 ಅನ್ನುವ ಅಂಕಿಯನ್ನು ನಕಲು ಮಾಡಬೇಡಿ. ಎಷ್ಟು ತಗ್ಗುತ್ತಿದೆ ಅಂತ ತೋರಿಸುವ ಗೇನ್ ರಿಡಕ್ಷನ್ ಮೀಟರ್ ನೋಡಿ, ಜೋರಾದ ಪದಗಳಲ್ಲಿ ಮುಳ್ಳು 3-4ಕ್ಕೆ ಹೋಗಿ, ಸಾಧಾರಣ ಮಾತಿನಲ್ಲಿ ಸೊನ್ನೆಗೆ ವಾಪಸ್ ಬರುವಂತೆ ಥ್ರೆಶೋಲ್ಡ್ ಸರಿಸಿ.

ಅಟ್ಯಾಕ್ 10-15 ಮಿಲಿಸೆಕೆಂಡ್, ರಿಲೀಸ್ 120-150 ಮಿಲಿಸೆಕೆಂಡ್ ಇಟ್ಟು ಶುರು ಮಾಡಿ. ಅಟ್ಯಾಕ್ ತೀರಾ ಬೇಗ ಇದ್ದರೆ 'ಕ', 'ಟ', 'ತ'ಗಳ ಮೊನೆ ಮೊಂಡಾಗುತ್ತದೆ. ರಿಲೀಸ್ ತೀರಾ ಬೇಗ ಇದ್ದರೆ ಪದ ಮುಗಿದ ಕೂಡಲೇ ಕೋಣೆಯ ಪ್ರತಿಧ್ವನಿ ಮೇಲೆದ್ದು ಬರುತ್ತದೆ. ಕೊನೆಗೆ, ಹೆಚ್ಚುಕಡಿಮೆ ತಗ್ಗಿದ್ದಷ್ಟನ್ನು ಮೇಕಪ್ ಗೇನ್‌ನಲ್ಲಿ ವಾಪಸ್ ಕೊಡಿ, ಇಲ್ಲಿ 3 ಡೆಸಿಬಲ್. ನೆನಪಿಡಿ, ಈ 3 ಡೆಸಿಬಲ್ ಫ್ಯಾನಿಗೂ ಸಿಗುತ್ತದೆ, ಉಸಿರಿಗೂ ಸಿಗುತ್ತದೆ.

ಫೋನೇ ಆಗಲೇ ಕಂಪ್ರೆಸ್ ಮಾಡಿದೆಯಾ ಅಂತ ತಿಳಿಯುವುದು ಹೇಗೆ? ಉದ್ದದ ಬಿಡುವುಗಳನ್ನು ಕೇಳಿ. ಮಾತು ನಿಂತ ಮೇಲೆ ಹಿನ್ನೆಲೆ ಸದ್ದು ಮೆಲ್ಲಗೆ ಏರುತ್ತಾ ಹೋಗಿ, ಮತ್ತೆ ಮಾತು ಶುರುವಾದಾಗ ಮೊದಲ ಅಕ್ಷರ ದಪ್ಪಗೆ ಬಿದ್ದು ಸದ್ದು ತಟ್ಟನೆ ಅಡಗಿದರೆ, ಹೌದು, ಮಾಡಿದೆ. ಅಂಥ ಫೈಲಿಗೆ ರೇಶಿಯೋ 1.5:1ಕ್ಕೆ ಇಳಿಸಿ, ಇಲ್ಲವೇ ಕಂಪ್ರೆಸರ್ ಬಿಟ್ಟು ಎರಡನೇ ಹಂತದ ಕೈಕೆಲಸವನ್ನೇ ಇನ್ನಷ್ಟು ಮಾಡಿ. ಮುಂದಿನ ಸಲ ರೆಕಾರ್ಡಿಂಗ್ ಆ್ಯಪ್‌ನ ಸೆಟ್ಟಿಂಗಿನಲ್ಲಿ ಆಟೋ ಗೇನ್ ಇದ್ದರೆ ಆಫ್ ಮಾಡಿ.

5. ಡಿ-ಎಸ್ಸಿಂಗ್: ಯಾಕೆ ಕೊನೆಗೆ?

ಡಿ-ಎಸ್ಸರ್ ಕೂಡ ಒಂದು ಕಂಪ್ರೆಸರೇ. ಆದರೆ ಅದು ಮೇಲಿನ ಸ್ವರಗಳ ಮೇಲೆ ಮಾತ್ರ ಕಣ್ಣಿಡುತ್ತದೆ, 'ಸ' ಜೋರಾದಾಗ ಅದನ್ನಷ್ಟೇ ತಗ್ಗಿಸುತ್ತದೆ.

ಕಂಪ್ರೆಶನ್ ಮಾಡಿದ ಮೇಲೆ 'ಸ' ಇನ್ನೂ ಜಾಸ್ತಿ ಚುಚ್ಚುವುದನ್ನು ಗಮನಿಸಿರಬಹುದು. ಸಾಮಾನ್ಯ ಕಂಪ್ರೆಸರ್ ಒಟ್ಟು ಮಟ್ಟ ನೋಡಿ ಕೆಲಸ ಮಾಡುತ್ತದೆ. ಆ ಮಟ್ಟವನ್ನು ತುಂಬುವುದು 'ಆ', 'ಓ'ನಂಥ ಸ್ವರಾಕ್ಷರಗಳು. 'ಸ' ಮೀಟರಿನಲ್ಲಿ ಸಣ್ಣದಾಗಿಯೇ ಕಾಣುತ್ತದೆ, ಕಿವಿಗೆ ಮಾತ್ರ ದೊಡ್ಡದು. ಹಾಗಾಗಿ ಸ್ವರಾಕ್ಷರಗಳು ತಗ್ಗುತ್ತವೆ, 'ಸ' ತಪ್ಪಿಸಿಕೊಳ್ಳುತ್ತದೆ. ಆಮೇಲೆ ಮೇಕಪ್ ಗೇನ್ ಎಲ್ಲವನ್ನೂ 3 ಡೆಸಿಬಲ್ ಏರಿಸಿದಾಗ 'ಸ'ಗೆ ಅದು ಪೂರ್ತಿ ಲಾಭ. ಮೊದಲೇ ಡಿ-ಎಸ್ ಮಾಡಿದ್ದರೆ ಈ ಏರಿಕೆಯ ಲೆಕ್ಕ ಸಿಗುತ್ತಿರಲಿಲ್ಲ.

ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮ ಇದೆ. 'ಸ' ಚುಚ್ಚುವುದು ಸಾಮಾನ್ಯವಾಗಿ 5ರಿಂದ 9 ಕಿಲೋಹರ್ಟ್ಸ್ ನಡುವೆ. 'ಶ', 'ಷ'ಗಳ ಬಲ ಅದಕ್ಕಿಂತ ಕೆಳಗೆ, 3ರಿಂದ 5ರ ಸುತ್ತ. ಒಂದೇ ಡಿ-ಎಸ್ಸರಿನಲ್ಲಿ ಎಲ್ಲವನ್ನೂ ಹಿಡಿಯಲು ಹೋಗಿ ಬ್ಯಾಂಡನ್ನು 3 ಕಿಲೋಹರ್ಟ್ಸ್ ತನಕ ಎಳೆದರೆ, ಸ್ಪಷ್ಟತೆಗೆ ಬೇಕಾದ ಜಾಗವನ್ನೇ ಅದು ಕಚ್ಚುತ್ತದೆ. 'ಸ'ಗೆ ಸಾಧನ ಬಳಸಿ. 'ವಿಶೇಷ', 'ಆಕಾಶ'ದಂಥ ಪದಗಳು ಚುಚ್ಚಿದರೆ ಆ ಅಕ್ಷರಗಳನ್ನು ಕೈಯಲ್ಲೇ ಇಳಿಸಿ.

ಮಾಡುವುದು ಹೀಗೆ. ಅತಿ ಕೆಟ್ಟದಾಗಿ ಚುಚ್ಚುವ ಒಂದು 'ಸ' ಆರಿಸಿ ಲೂಪ್ ಮಾಡಿ. ಸ್ಪೆಕ್ಟ್ರಮ್ ನೋಟದಲ್ಲಿ, ಅಂದರೆ ಯಾವ ಸ್ವರ ಎಷ್ಟಿದೆ ಅಂತ ತೋರಿಸುವ ಚಿತ್ರದಲ್ಲಿ, ಎಲ್ಲಿ ಗುಡ್ಡ ಎದ್ದಿದೆ ನೋಡಿ. ಆಡಾಸಿಟಿಯಲ್ಲಿ ಇದು `Analyze > Plot Spectrum`. ನಮ್ಮ ಉದಾಹರಣೆಯಲ್ಲಿ ಗುಡ್ಡ 7 ಕಿಲೋಹರ್ಟ್ಸ್‌ನಲ್ಲಿದೆ. ಡಿ-ಎಸ್ಸರನ್ನು ಅಲ್ಲಿಗೆ ಇಟ್ಟು, ಅತಿ ಕೆಟ್ಟ 'ಸ'ನಲ್ಲಿ 4-5 ಡೆಸಿಬಲ್, ಸಾಧಾರಣ 'ಸ'ನಲ್ಲಿ 1-2 ಡೆಸಿಬಲ್ ತಗ್ಗುವಂತೆ ಮಾಡಿ. ಹಿಡಿದ ಭಾಗವನ್ನಷ್ಟೇ ಕೇಳಿಸುವ ಬಟನ್ ಇದ್ದರೆ ಒತ್ತಿ. ಬರೀ ಸೀಟಿಯಂಥ ಸದ್ದು ಕೇಳಬೇಕು. ಪೂರ್ತಿ ಪದಗಳು ಕೇಳಿಸಿದರೆ ಬ್ಯಾಂಡ್ ತೀರಾ ಕೆಳಗಿದೆ ಅಂತ.

ಅತಿಯಾಗಿದೆಯಾ ಅಂತ ತಿಳಿಯಲು 'ಸೊಸೆ', 'ಸಾಸಿವೆ'ಯಂಥ ಪದ ಎಲ್ಲಿದೆ ಹುಡುಕಿ ಕೇಳಿ. 'ಥೊಥೆ', 'ಥಾಥಿವೆ' ಅಂದ ಹಾಗಿದ್ದರೆ ಅರ್ಧಕ್ಕೆ ಇಳಿಸಿ.

ಡಿ-ಎಸ್ಸರ್ ಇಲ್ಲದವರು ತಲೆ ಕೆಡಿಸಿಕೊಳ್ಳಬೇಡಿ. ತರಂಗ ಚಿತ್ರವನ್ನು ಹಿಗ್ಗಿಸಿದರೆ 'ಸ' ದಟ್ಟವಾದ ಉದ್ದನೆ ಉಂಡೆಯಾಗಿ ಕಾಣುತ್ತದೆ. ಅದನ್ನು ಆರಿಸಿ 4 ಡೆಸಿಬಲ್ ಇಳಿಸಿ. ಎಲ್ಲ 'ಸ'ಗಳಿಗೂ ಇದು ಬೇಕಿಲ್ಲ, ನಿಜವಾಗಿ ಚುಚ್ಚುವವಕ್ಕೆ ಮಾತ್ರ. ಮೂರು ನಿಮಿಷದ ನಿರೂಪಣೆಗೆ ಇದು ಅಷ್ಟೇನೂ ದೊಡ್ಡ ಕೆಲಸವಲ್ಲ. ನಿಜ ಹೇಳಬೇಕೆಂದರೆ, ಫಲ ಸಾಧನಕ್ಕಿಂತ ಚೆನ್ನಾಗಿ ಬರುತ್ತದೆ.

6. ದೃಶ್ಯದ ಮೇಲೆ ಕೂರಿಸುವುದು

ಕೆಲಸ ಮುಗಿದ ಫೈಲನ್ನು `.wav` ಆಗಿ, 48 ಕಿಲೋಹರ್ಟ್ಸ್, 24 ಬಿಟ್, ಮೋನೋದಲ್ಲಿ ಹೊರತೆಗೆಯಿರಿ. `.mp3` ಮಾಡಬೇಡಿ. ದನಿಯನ್ನು ಎರಡನೇ ಸಲ ಹಿಂಡಿದ ಹಾಗಾಗುತ್ತದೆ. ಫೈಲಿನ ಶುರುವಿನಲ್ಲಿ ಒಂಚೂರು ಮೌನವೂ ಸೇರಿಕೊಳ್ಳುತ್ತದೆ, ಆಗಲೇ ಜೋಡಿಸಿಟ್ಟ ಮಾತು ಅಷ್ಟು ಹಿಂದೆ ಸರಿಯುತ್ತದೆ.

ಈಗ ಮಟ್ಟ. ಮೀಟರಿನಲ್ಲಿ `LUFS` ಅಂತ ಕಾಣುವುದು ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವ ಅಳತೆ. ಆನ್‌ಲೈನ್ ವಿಡಿಯೋಗೆ ನಿರೂಪಣೆ -16ರ ಸುತ್ತ ಇದ್ದರೆ ಸರಿಹೋಗುತ್ತದೆ. ಟಿವಿಗಾದರೆ ಚಾನೆಲ್ ಕೊಟ್ಟ ಅಂಕಿಯನ್ನೇ ಪಾಲಿಸಿ. ಯುರೋಪಿನ ಪ್ರಸಾರದ ಮಾನದಂಡ -23. ಮಟ್ಟ ಏರಿಸಿದ ಮೇಲೆ ಒಂದೆರಡು ಅಕ್ಷರ ಚಾವಣಿಗೆ ತಗುಲಬಹುದು, ಅದಕ್ಕೆ ದನಿ ಒಂದು ಮಟ್ಟ ದಾಟದಂತೆ ತಡೆಯುವ ಲಿಮಿಟರನ್ನು -1ರಲ್ಲಿ ಇಡಿ. ಆ ಒಂದೆರಡು ಅಕ್ಷರ ಬಿಟ್ಟು ಅದು ಕೆಲಸ ಮಾಡಕೂಡದು. ಸದಾ ಮಿನುಗುತ್ತಿದ್ದರೆ ಮಟ್ಟ ಜಾಸ್ತಿಯಾಗಿದೆ.

ಸಂಗೀತ ಹಾಕಿದ ಮೇಲೆ ಮಾತು ಮತ್ತೆ ಮಂಕಾದರೆ ಹೆಚ್ಚಿನವರು ದನಿಯ ಈಕ್ಯೂಗೇ ಕೈ ಹಾಕುತ್ತಾರೆ. ಅಲ್ಲಿ ಮುಟ್ಟಬೇಡಿ. ಸಂಗೀತದ ಟ್ರ್ಯಾಕಿಗೆ ಹೋಗಿ, 2ರಿಂದ 4 ಕಿಲೋಹರ್ಟ್ಸ್ ಸುತ್ತ ಅಗಲವಾಗಿ 3 ಡೆಸಿಬಲ್ ಇಳಿಸಿ. ಸಂಗೀತದ ಒಟ್ಟು ಮಟ್ಟ ಮಾತಿಗಿಂತ 15 ಡೆಸಿಬಲ್‌ನಷ್ಟು ಕೆಳಗಿರಲಿ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ದನಿಯನ್ನು ತಾನಾಗಿ ಸುಧಾರಿಸುವ ಬಟನ್ ಇದ್ದರೆ ಅದನ್ನು ಸುಮ್ನೆ ಒತ್ತಬೇಡಿ, ಮಾಡಿದ ಕೆಲಸವನ್ನೇ ಮತ್ತೊಮ್ಮೆ ಮಾಡುತ್ತದೆ.

ಕೊನೆಗೆ ಹೆಡ್‌ಫೋನ್ ತೆಗೆದು ಫೋನಿನ ಸ್ಪೀಕರಿನಲ್ಲಿ ಕೇಳಿ. ಅದರಲ್ಲಿ ತಗ್ಗು ಸ್ವರಗಳು ಹೆಚ್ಚುಕಡಿಮೆ ಇರುವುದೇ ಇಲ್ಲ, 3 ಕಿಲೋಹರ್ಟ್ಸ್ ಸುತ್ತಲಿನದು ಎದ್ದು ಬರುತ್ತದೆ. ಮೂರನೇ ಹಂತದಲ್ಲಿ ಏರಿಸಿದ 2 ಡೆಸಿಬಲ್ ಹೆಚ್ಚಾಯಿತಾ ಅಂತ ಗೊತ್ತಾಗುವುದು ಇಲ್ಲೇ.

ಯಾವುದು ಸರಿಹೋಗುವುದಿಲ್ಲ?

ರೆಕಾರ್ಡಿಂಗಿನಲ್ಲೇ ಒಡೆದ ದನಿ ಈ ಮೂರು ಸಾಧನಗಳಿಂದ ಸರಿಯಾಗುವುದಿಲ್ಲ. ಗಾಢ ಪ್ರತಿಧ್ವನಿಯೂ ಅಷ್ಟೇ, ಕಂಪ್ರೆಶನ್ ಅದನ್ನು ಇನ್ನೂ ಎತ್ತಿ ತೋರಿಸುತ್ತದೆ. ಫೋನನ್ನು ಮೇಜಿನ ಮೇಲೆ ಮಲಗಿಸಿ ಓದಿದ್ದರೆ ಮೇಜಿನಿಂದ ಪುಟಿದ ದನಿ ನೇರ ದನಿಯೊಂದಿಗೆ ಬೆರೆತು ಟೊಳ್ಳಾಗಿರುತ್ತದೆ, ಅದಕ್ಕೂ ಈಕ್ಯೂ ಮದ್ದಲ್ಲ. ಆ ವಾಕ್ಯಗಳನ್ನು ಮತ್ತೆ ಓದುವುದೇ ಸರಿ. ಅದೇ ಕೋಣೆ, ಅದೇ ದೂರ ಇರಲಿ. ಫೋನನ್ನು ಬಾಯಿಯ ನೇರಕ್ಕೆ ಹಿಡಿಯದೆ ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ, 'ಪ'ದ ಗಾಳಿ, 'ಸ'ದ ಚುಚ್ಚು ಎರಡೂ ಕಡಿಮೆಯಾಗುತ್ತವೆ. ಮೂರೂ ಸಾಧನಗಳ ಅಂಕಿಗಳನ್ನು ಪ್ರೀಸೆಟ್ ಆಗಿ ಉಳಿಸಿಟ್ಟಿದ್ದರೆ ಹೊಸ ವಾಕ್ಯಕ್ಕೂ ಅದನ್ನೇ ಹಾಕಬಹುದು. ಆದರೆ ಅದಕ್ಕೂ ಮುಂಚೆ ಹೊಸ ವಾಕ್ಯದ ಮಟ್ಟವನ್ನು ಹಳೆಯದಕ್ಕೆ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಥ್ರೆಶೋಲ್ಡ್ ಬೇರೆಯೇ ಕಡೆ ಹಿಡಿಯುತ್ತದೆ.